ಹುಬ್ಬಳ್ಳಿಗೆ, ಧಾರವಾಡಕ್ಕೆ, ಸವಣೂರಿಗೆ: ‘ಗೆ’ ಎಲ್ಲಿ, ‘ಕ್ಕೆ’ ಎಲ್ಲಿ?

ಕೇಶ್ವಾಪುರದವ

ಆಫೀಸಿಗೆ ಒಡಿಶಾದ ಹುಡುಗನೊಬ್ಬ ಹೊಸದಾಗಿ ಬಂದಿದ್ದಾನೆ. ಕನ್ನಡ ಕಲಿಯುವ ಹುಮ್ಮಸ್ಸು ಜೋರಾಗಿದೆ. ಮೊನ್ನೆ ಚಿಗರಿ ಬಸ್ಸಿನಲ್ಲಿ ಪಕ್ಕ ಕೂತು ಕೇಳಿದ: “ಹುಬ್ಬಳ್ಳಿಗೆ ಅಂತೀರಿ, ಮತ್ತೆ ಧಾರವಾಡಗೆ ಅಂತ ಯಾಕೆ ಅನ್ನಲ್ಲ? ಧಾರವಾಡಕ್ಕೆ ಯಾಕೆ?” ಉಣಕಲ್ ದಾಟಿ ನವನಗರ ಬಂದರೂ ನನ್ನ ಬಾಯಿಂದ ಉತ್ತರ ಹೊರಡಲಿಲ್ಲ. “ಹಂಗೇ ಅನ್ನೋದು” ಅಂದೆ.

ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಎರಡನೇ ಭಾಷೆ ಹಿಂದಿ. ಕನ್ನಡ ಮನೆಯದು, ಓಣಿಯದು. ಮಾತಾಡುವಾಗ ಎಲ್ಲ ತಾನಾಗಿ ಬರುತ್ತದೆ, ಬರೆಯುವಾಗ ಕೈ ತಡೆಯುತ್ತದೆ. ಈಗ ಬರೆಯುವ ಕೆಲಸವೂ ಬಂದಿದೆ. ನಮ್ಮ ಓಣಿಯವರು ಒಂದು ಭಾನುವಾರ ಲಕ್ಕುಂಡಿ ನೋಡಲು ಹೊರಟಿದ್ದೇವೆ, ಸೂಚನೆ ನಾನೇ ಬರೆಯಬೇಕು. ಅನುಮಾನ ಇದ್ದಲ್ಲಿ ಗೆರೆ ಬಿಟ್ಟಿದ್ದೇನೆ:

“ಬೆಳಿಗ್ಗೆ ಏಳು___ ಬಸ್ ಹೊರಡುತ್ತದೆ. ಅಣ್ಣಿಗೇರಿ, ಗದಗ ನೋಡಿಕೊಂಡು ಲಕ್ಕುಂಡಿಗೆ. ಬರುವಾಗ ಲಕ್ಷ್ಮೇಶ್ವರ___ ಹೋಗಿ ಅಲ್ಲಿನ ಸೋಮೇಶ್ವರ___ ಪೂಜೆ ಮಾಡಿಸುವುದು. ಸಣ್ಣ ಮಗು___ ದುಡ್ಡು ಇಲ್ಲ. ಉಳಿದವರು ಸಂಘ___ ಮುಂಗಡ ಕಟ್ಟಬೇಕು. ಹೆಸರನ್ನು ವಾಚ್‌ಮನ್ ಅಣ್ಣ___ ಅಥವಾ ಗೀತಾ___ ಕೊಡಿ.”

ಗೆರೆ ತುಂಬಿ ಕೊಟ್ಟರೆ ಸಾಲದು, ಯಾಕೆ ಅಂತಲೂ ಹೇಳಿ. ಆ ಹುಡುಗ ಸೋಮವಾರ ಮತ್ತೆ ಕೇಳುತ್ತಾನೆ.

ರೋಣದ ಹುಡುಗ

ಇದು ಬಹಳ ಸುಲಭ ಅಣ್ಣ. ಜೀವ ಇದ್ದದ್ದಕ್ಕೆ ‘ಗೆ’, ಜೀವ ಇಲ್ಲದ್ದಕ್ಕೆ ‘ಕ್ಕೆ’. ಅಪ್ಪನಿಗೆ, ನಾಯಿಗೆ, ಎತ್ತಿಗೆ. ಹೊಲಕ್ಕೆ, ಮರಕ್ಕೆ, ಕೆಲಸಕ್ಕೆ. ಮುಗೀತು.

ಬ್ಯಾಡಗಿ ಮೆಣಸು

ಹಾಗಾದರೆ ಮನೆಗೆ, ಅಂಗಡಿಗೆ, ಕಾರಿಗೆ? ನಿಮ್ಮ ಮನೆಗೆ ಜೀವ ಇದೆಯೇನು ತಮ್ಮ?

ರೋಣದ ಹುಡುಗ

ಸರಿ ಅಕ್ಕ, ಸ್ವಲ್ಪ ತಿದ್ದುತ್ತೇನೆ. ಪದದ ಕೊನೆಗೆ ‘ಅ’ ಬಂದರೆ ‘ಕ್ಕೆ’. ಹೊಲ, ಮರ, ಧಾರವಾಡ ಎಲ್ಲ ‘ಅ’. ಮನೆ, ಹುಬ್ಬಳ್ಳಿ, ಕಾರು ‘ಅ’ ಅಲ್ಲ, ಅದಕ್ಕೇ ‘ಗೆ’. ಜೀವ ಇರುವ ‘ಅ’ ಆದರೆ ‘ನಿಗೆ’. ಈಗ ಸರಿ ಆಯ್ತಲ್ಲ?

ಹಳೇ ಕರಡು

ತಮ್ಮ, ಮೊದಲಿಗಿಂತ ಹತ್ತಿರ ಬಂದೆ. ಆದರೆ ಈಗ ಬರೆದ ನಿನ್ನದೇ ವಾಕ್ಯದಲ್ಲಿ “ಅದಕ್ಕೇ” ಅಂದಿದ್ದೀಯ. ‘ಅದು’ ಕೊನೆಯಲ್ಲಿ ‘ಉ’. ಅದುಗೆ ಅನ್ನಲಿಲ್ಲ, ಅದಿಗೆ ಅನ್ನಲಿಲ್ಲ. ಇನ್ನೊಂದು, ಮೊಲಕ್ಕೆ ಜೀವ ಇದೆ, ತೋಳಕ್ಕೂ ಇದೆ. ಮೊಲನಿಗೆ ಅನ್ನುವುದಿಲ್ಲವಲ್ಲ.

ನಾನು ಹುಬ್ಬಳ್ಳಿಯ ಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದವ. ಈಗ ಕೆಲಸ ಇಲ್ಲ, ಚಟ ಉಳಿದಿದೆ. ನಿಯಮ ನೆನಪಿಡುವುದು ಕಷ್ಟ, ಆದರೆ ಕನ್ನಡ ಮಾತಾಡುವವರ ಬಾಯಲ್ಲೇ ಒಂದು ಪರೀಕ್ಷೆ ಇದೆ. ಕೇಶ್ವಾಪುರದ ಸಾಹೇಬರೇ, ಅದನ್ನೇ ಹೇಳುತ್ತೇನೆ. ‘ಯಾವುದರ’ ಅಥವಾ ‘ಯಾರ’ ಅಂತ ಕೇಳಿ ಉತ್ತರ ಹೇಳಿ ನೋಡಿ. ಯಾವ ಊರಿನ ಬಸ್ ಸ್ಟ್ಯಾಂಡು?

ಧಾರವಾಡದ. ನರಗುಂದದ. ರೋಣದ. ಗಜೇಂದ್ರಗಡದ. ಬಂಕಾಪುರದ.
ಹುಬ್ಬಳ್ಳಿಯ. ಹಾವೇರಿಯ. ಬ್ಯಾಡಗಿಯ. ಮುಂಡರಗಿಯ.
ಸವಣೂರಿನ. ರಾಣೆಬೆನ್ನೂರಿನ. ಹಿರೇಕೆರೂರಿನ.

‘ದ’ ಬಂದ ಊರುಗಳಿಗೆಲ್ಲ ‘ಕ್ಕೆ’. ಧಾರವಾಡಕ್ಕೆ, ನರಗುಂದಕ್ಕೆ, ರೋಣಕ್ಕೆ. ‘ಯ’ ಬಂದವಕ್ಕೆ ಬರೀ ‘ಗೆ’. ಹಾವೇರಿಗೆ, ಬ್ಯಾಡಗಿಗೆ. ‘ಇನ’ ಬಂದವಕ್ಕೆ ‘ಇಗೆ’. ಸವಣೂರಿಗೆ, ರಾಣೆಬೆನ್ನೂರಿಗೆ. ಊರಿನ ಹೆಸರಷ್ಟೇ ಅಲ್ಲ, ಮನೆಯ ಸಾಮಾನಿಗೂ ಇದೇ ಲೆಕ್ಕ. ಪುಸ್ತಕದ, ಪುಸ್ತಕಕ್ಕೆ. ರೊಟ್ಟಿಯ, ರೊಟ್ಟಿಗೆ. ನೀರಿನ, ನೀರಿಗೆ. ನಿಮ್ಮ ಒಡಿಶಾ ಹುಡುಗನಿಗೆ ಇದು ಅಷ್ಟು ಉಪಯೋಗ ಆಗಲಿಕ್ಕಿಲ್ಲ, ಅವನಿಗೆ ‘ಧಾರವಾಡದ’ ಅನ್ನುವುದೂ ಹೊಸದೇ. ಆದರೆ ನಿಮಗೆ ಆಗುತ್ತದೆ, ಯಾಕೆಂದರೆ ‘ಧಾರವಾಡಯ’ ಅಂತ ನಿಮ್ಮ ನಾಲಿಗೆ ಎಂದೂ ಅನ್ನುವುದಿಲ್ಲ.

ಬ್ಯಾಡಗಿ ಮೆಣಸು

ಕರಡು ಅಣ್ಣ, ನಮ್ಮ ಕಡೆ ಮನಿಗಿ ಅಂತೀವಿ, ಧಾರವಾಡದವರು ಮನಿಗೆ ಅಂತಾರೆ. ನೀವು ಹೇಳುವ ಲೆಕ್ಕದಲ್ಲಿ ಯಾವುದು ಸರಿ? ನನ್ನ ಅತ್ತೆ ಇದರ ಮೇಲೆ ನನ್ನನ್ನು ಇವತ್ತಿಗೂ ಕಾಡಿಸುತ್ತಾರೆ.

ಹಳೇ ಕರಡು

ತಂಗಿ, ಅದು ಬೇರೆ ಪ್ರಶ್ನೆ. ಮನಿಗಿ ಆಗಲಿ ಮನಿಗೆ ಆಗಲಿ, ಇಬ್ಬರೂ ‘ಗೆ’ ಗುಂಪಿನಲ್ಲೇ ಇದ್ದೀರಿ. ಅತ್ತೆಯೂ ಮನಿಕ್ಕ ಅನ್ನುವುದಿಲ್ಲ. ಕೊನೆಯ ಸ್ವರ ಊರಿಂದ ಊರಿಗೆ ಹೊರಳುತ್ತದೆ. ಹೊಲಕ್ಕ, ಅದಕ್ಕ, ನನಗ ಅಂತ ನಾವೆಲ್ಲ ಅನ್ನುತ್ತೇವೆ, ಬರೆಯುವಾಗ ಹೊಲಕ್ಕೆ, ಅದಕ್ಕೆ, ನನಗೆ ಆಗುತ್ತದೆ. ಗುಂಪು ಬದಲಾಗುವುದಿಲ್ಲ. ಅತ್ತೆಯವರ ಜಗಳ ನಾನು ಬಿಡಿಸಲಾರೆ.

ಕೇಶ್ವಾಪುರದವ

ಅಂಕಲ್, ಈ ಪರೀಕ್ಷೆ ಚೆನ್ನಾಗಿದೆ. ಸಂಘದ, ಹಾಗಾಗಿ ಸಂಘಕ್ಕೆ. ಲಕ್ಷ್ಮೇಶ್ವರದ, ಲಕ್ಷ್ಮೇಶ್ವರಕ್ಕೆ. ಆದರೆ ಏಳು? ‘ಏಳಿನ’ ಅಂದರೆ ‘ಏಳಿಗೆ’ ಆಗುತ್ತದೆ. ಏಳಿಗೆ ಅಂದರೆ ಉದ್ಧಾರ ಆಗುವುದಲ್ವಾ?

ಹಳೇ ಕರಡು

ಏಳಿನ ಅಂತ ಅನ್ನುವುದಿಲ್ಲ. “ಏಳರ ಮಗ್ಗಿ ಹೇಳು” ಅಂತ ನಿಮ್ಮ ಅಜ್ಜ ಕೂರಿಸುತ್ತಿದ್ದರೋ ಇಲ್ಲವೋ? ಎರಡರ, ಮೂರರ, ಹತ್ತರ, ನೂರರ. ಅದರ, ಇದರ, ಯಾವುದರ, ಎಲ್ಲದರ. ಹೀಗೆ ವಸ್ತು, ಎಣಿಕೆಗೆ ‘ರ’ ಬಂದರೆ ಅದು ನಾಲ್ಕನೇ ಗುಂಪು, ‘ಅಕ್ಕೆ’. ಏಳಕ್ಕೆ, ಹತ್ತಕ್ಕೆ, ನೂರಕ್ಕೆ ನೂರು, ಅದಕ್ಕೆ, ಎಲ್ಲದಕ್ಕೆ. ಏಳು ಗಂಟೆ ಅಂತ ಬರೆದರೆ ಗಂಟೆಯ, ಗಂಟೆಗೆ. ಸೂಚನೆಯಲ್ಲಿ “ಏಳಕ್ಕೆ” ಸಾಕು. ಆದರೂ “ಏಳು ಗಂಟೆಗೆ” ಅಂತಲೇ ಬರೆಯಿರಿ, ಇಲ್ಲದಿದ್ದರೆ ಓಣಿಯಲ್ಲಿ ಒಬ್ಬರಾದರೂ ಏಳಕ್ಕೆ ಏಳುತ್ತಾರೆ.

ಮನುಷ್ಯರನ್ನು ಎಣಿಸುವಾಗ ಮಾತ್ರ ಇದು ನಡೆಯುವುದಿಲ್ಲ. ಎರಡಕ್ಕೆ, ಆದರೆ ಇಬ್ಬರಿಗೆ. ಮೂರಕ್ಕೆ, ಆದರೆ ಮೂವರಿಗೆ. ಅವರ, ಇವರ, ದೇವರ, ಇಲ್ಲಿಯೂ ‘ರ’ ಇದೆ, ಆದರೆ ಅವರಿಗೆ, ದೇವರಿಗೆ. ‘ರ’ ಕಂಡಾಗ ಮಂದಿಯೋ ವಸ್ತುವೋ ಅಂತ ಒಮ್ಮೆ ನೋಡಬೇಕು.

ರೋಣದ ಹುಡುಗ

ಅಂದರೆ ಜೀವದ ನನ್ನ ಮಾತು ಪೂರ್ತಿ ಸುಳ್ಳಲ್ಲ!

ಹಳೇ ಕರಡು

ಅರ್ಧ ನಿಜ. ಕನ್ನಡ ಇಲ್ಲಿ ಕೇಳುವುದು ‘ಜೀವ ಇದೆಯೇ’ ಅಂತ ಅಲ್ಲ, ‘ಮನುಷ್ಯರ ಸಾಲಿನಲ್ಲಿ ಕೂರಿಸುತ್ತೀಯಾ’ ಅಂತ. ಮೊಲ, ತೋಳ, ಸಿಂಹ ಆ ಸಾಲಿನಲ್ಲಿ ಇಲ್ಲ. ಮೊಲದ, ಮೊಲಕ್ಕೆ, ಮರದ ಹಾಗೆಯೇ. ಸೂರ್ಯ, ಚಂದ್ರ ಇದ್ದಾರೆ. ಸೂರ್ಯನ ಬೆಳಕು, ಸೂರ್ಯನಿಗೆ ನಮಸ್ಕಾರ. ಮನೆ ಬಾಗಿಲಿಗೆ ಬರುವ ಕೋಲೆ ಬಸವನೂ ಇದ್ದಾನೆ. “ಬಸವಣ್ಣನಿಗೆ ಕಾಳು ಹಾಕು” ಅನ್ನುತ್ತೇವೆ, ಬಸವಣ್ಣಕ್ಕೆ ಅನ್ನುವುದಿಲ್ಲ.

ಇದು ಒಂದೇ ಸಾಲಿನಲ್ಲಿ ಕಾಣಬೇಕಾದರೆ ಮೇಲಿನ ಸೂಚನೆಯನ್ನೇ ನೋಡಿ. ಲಕ್ಷ್ಮೇಶ್ವರ, ಸೋಮೇಶ್ವರ. ಎರಡೂ ‘ಈಶ್ವರ’ದಲ್ಲೇ ಮುಗಿಯುತ್ತವೆ. ಒಂದು ಊರು, ಒಂದು ದೇವರು. ಲಕ್ಷ್ಮೇಶ್ವರದ ಸಂತೆ, ಸೋಮೇಶ್ವರನ ಗುಡಿ. ಹಾಗಾಗಿ “ಲಕ್ಷ್ಮೇಶ್ವರಕ್ಕೆ ಹೋಗಿ ಸೋಮೇಶ್ವರನಿಗೆ ಪೂಜೆ”. ತಿರುವಿ ಹಾಕಿದರೆ ಊರಿಗೆ ಪೂಜೆ ಆಗುತ್ತದೆ, ದೇವರ ಮೇಲೆ ಬಸ್ ಹೋಗುತ್ತದೆ. ಪದದ ಕೊನೆಯ ಅಕ್ಷರ ನೋಡಿದರೆ ಇದು ತಿಳಿಯುವುದಿಲ್ಲ. ‘ದ’ನಾ ‘ನ’ನಾ ಅಂತ ಕೇಳಿದರೆ ತಿಳಿಯುತ್ತದೆ.

ಲಗ್ನಪತ್ರಿಕೆ

ನಾನು ಹಳೇ ಹುಬ್ಬಳ್ಳಿಯಲ್ಲಿ ಡಿಟಿಪಿ ಮಾಡುತ್ತೇನೆ. ವರ್ಷವೆಲ್ಲ ಕಾರ್ಡು, ಬ್ಯಾನರು. ಕರಡು ಸರ್ ಹೇಳಿದ್ದು ನನ್ನ ಟೇಬಲ್ ಮೇಲೆ ದಿನಾ ನಡೆಯುತ್ತದೆ. ಲಗ್ನಕ್ಕೆ, ಮದುವೆಗೆ, ಸೀಮಂತಕ್ಕೆ, ಜಾವಳಕ್ಕೆ, ಆರತಕ್ಷತೆಗೆ, ಗೃಹಪ್ರವೇಶಕ್ಕೆ. ಇದರಲ್ಲಿ ಯಾರೂ ತಪ್ಪುವುದಿಲ್ಲ. ತಪ್ಪುವುದು ಎರಡೇ ಕಡೆ. ಒಂದು, ‘ಮಗು’ ತರಹದ್ದು. ಮಗುಗೆ, ಮಗೂಗೆ, ಮಗುವಿಗೆ, ಮೂರನ್ನೂ ಬರೆದುಕೊಂಡು ಬರುತ್ತಾರೆ. ಇನ್ನೊಂದು ಹೆಣ್ಣುಮಕ್ಕಳ ಹೆಸರು. ಅದನ್ನು ಕೇಳಲೇಬೇಡಿ.

ಕೇಶ್ವಾಪುರದವ

ಅದನ್ನೇ ಕೇಳುತ್ತಿರುವುದು! ಕಾರು, ಕಾರಿಗೆ. ಊರು, ಊರಿಗೆ. ಆದರೆ ಕರು, ಕರುವಿಗೆ. ಎಲ್ಲದರ ಕೊನೆಗೂ ‘ರು’ ತಾನೆ ಇರುವುದು?

ಹಳೇ ಕರಡು

ಒಳ್ಳೆ ಜೋಡಿ ಹಿಡಿದಿರಿ. ಇದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ಹಳಗನ್ನಡದಲ್ಲಿ ಊರ್, ನೀರ್, ಕಾಲ್, ಕಲ್ ಅಂತ ಇದ್ದವು. ಕೊನೆಯ ‘ಉ’ ಆಮೇಲೆ ಬಾಯಿಗೆ ಆಸರೆ ಅಂತ ಸೇರಿದ್ದು. ಅದರ ಬೇರು ಗಟ್ಟಿ ಇಲ್ಲ. ಹಿಂದೆ ಏನಾದರೂ ಬಂದು ಅಂಟಿದ ಕೂಡಲೇ ಉದುರುತ್ತದೆ. ಊರ್ + ಇಗೆ, ಊರಿಗೆ. ಈಗಲೂ ಇಂಗ್ಲಿಷಿನ ಪದ ಬಂದರೆ ಹಾಗೇ ಮಾಡುತ್ತೇವೆ. ಕಾರು, ಬಸ್ಸು, ಬ್ಯಾಂಕು, ಫೋನು ಅಂತ ಆಸರೆ ಕೊಡುತ್ತೇವೆ. ಮತ್ತೆ ಕಾರಿಗೆ, ಬಸ್ಸಿಗೆ, ಬ್ಯಾಂಕಿಗೆ, ಫೋನಿಗೆ ಅನ್ನುವಾಗ ಅದನ್ನು ಕಿತ್ತುಹಾಕುತ್ತೇವೆ.

ಗುರು, ಮಗು, ಕರು, ಹಸು ಹಾಗಲ್ಲ. ಅಲ್ಲಿ ‘ಉ’ ಪದದ್ದೇ. ಕಿತ್ತರೆ ಪದ ಉಳಿಯುವುದಿಲ್ಲ. ಅದನ್ನು ಉಳಿಸಿಕೊಂಡು ನಡುವೆ ಒಂದು ‘ವ’ ಇಟ್ಟು ಇಗೆ ಸೇರಿಸುತ್ತೇವೆ. ಗುರುವಿಗೆ, ಮಗುವಿಗೆ, ಕರುವಿಗೆ. ಗುರುತು ಹಿಡಿಯುವುದು ಹೇಗೆ? ಮತ್ತೆ ಅದೇ ಪರೀಕ್ಷೆ. ಕಾರಿನ ಗಾಲಿ, ಕರುವಿನ ಬಾಲ. ‘ಇನ’ ಆದರೆ ‘ಇಗೆ’, ‘ವಿನ’ ಆದರೆ ‘ವಿಗೆ’. ಕಿವಿಗೂ ಗೊತ್ತಾಗುತ್ತದೆ. ಎರಡೇ ಅಕ್ಷರ, ಮೊದಲನೆಯದು ಗಿಡ್ಡ, ನಡುವೆ ಒತ್ತು ಇಲ್ಲ ಅಂದರೆ ಸಾಮಾನ್ಯವಾಗಿ ‘ವ’ ಬರುತ್ತದೆ. ಕಲ್ಲು, ಹಲ್ಲು ಎರಡಕ್ಷರವೇ, ಆದರೆ ಒತ್ತು ಇದೆ. ಕಲ್ಲಿಗೆ, ಹಲ್ಲಿಗೆ.

ಸೂಚನೆಯಲ್ಲಿ “ಮಗುವಿಗೆ” ಬರೆಯಿರಿ. ಮಗೂಗೆ ಮಾತಿನದು. ಬಾಯಲ್ಲಿ ಇರಲಿ.

ಬ್ಯಾಡಗಿ ಮೆಣಸು

ಸಣ್ಣ ಮಕ್ಕಳಿಗೆ ದುಡ್ಡು ಇಲ್ಲ ಅಂದರೆ ಎಷ್ಟು ವರ್ಷದವರೆಗೆ? ನಮ್ಮ ಅಕ್ಕ ಕೇಶ್ವಾಪುರದಲ್ಲೇ ಇದ್ದಾಳೆ, ಅವಳ ಜೊತೆ ನಾವೂ ಬರಬಹುದಾ?

ಕೇಶ್ವಾಪುರದವ

ಐದು ವರ್ಷದವರೆಗೆ ಅಕ್ಕ. ಸೀಟು ನೋಡಿ ಹೇಳುತ್ತೇನೆ. ಮೊದಲು ವ್ಯಾಕರಣ ಮುಗಿಯಲಿ.

ಅಂಕಲ್, ‘ಅಣ್ಣ’ ಉಳಿಯಿತು. ಮನೆಯಲ್ಲಿ ಅಣ್ಣಗ, ತಮ್ಮಗ, ಅವಗ ಅಂತೀವಿ. ಅಣ್ಣನಿಗೆ ಅಂತ ಬರೆದರೆ ಬೆಂಗಳೂರಿನವರ ಹಾಗೆ ಕಾಣುತ್ತದೆ ಅಂತ ನಮ್ಮ ತಂದೆ ನಗುತ್ತಾರೆ.

ಹಳೇ ಕರಡು

ತಂದೆಯವರಿಗೆ ಹೇಳಿ, ಅಣ್ಣಗ ಅನ್ನುವುದು ಕೆಟ್ಟ ಕನ್ನಡ ಅಲ್ಲ. ಹಳಗನ್ನಡದಲ್ಲಿ ಅರಸಂಗೆ, ಅವಂಗೆ ಅಂತಿತ್ತು. ನಮ್ಮ ಅವಗ, ಅಣ್ಣಗ ಅದಕ್ಕೆ ಹತ್ತಿರ. ನಡುವಿನ ಸೊನ್ನೆ ಸವೆದು ಹೋಗಿದೆ, ಅಷ್ಟೇ. ಅಣ್ಣನ, ಅಣ್ಣನಿಗೆ ಅನ್ನುವುದು ಈಗ ಬರೆಯುವ ರೂಪ. ಸೂಚನೆಗೆ “ಅಣ್ಣನಿಗೆ” ಇರಲಿ. ಅವರಿಗೆ ಮರ್ಯಾದೆ ಕೊಡುವುದಾದರೆ “ಅಣ್ಣನವರಿಗೆ”. ಕಾಗದದ ಮೇಲೆ “ಅಣ್ಣಗೆ” ಮಾತ್ರ ಬೇಡ, ಅದು ಅತ್ತ ಮಾತೂ ಅಲ್ಲ, ಇತ್ತ ಬರಹವೂ ಅಲ್ಲ.

ಗದಗಿನವಳು

ಕೊನೆಯ ಮಾತು ಒಪ್ಪುವುದಿಲ್ಲ ಸರ್. ನಾವು ಬರೆಯುವಾಗ ಅಣ್ಣಗೆ ಅಂತಲೇ ಬರೆಯುತ್ತೇವೆ, ಓದುವವರಿಗೂ ಅರ್ಥ ಆಗುತ್ತದೆ. ಓಣಿಯ ಸೂಚನೆ ಏನು ಸರ್ಕಾರಿ ಆದೇಶವೇ?

ಅದು ಬಿಡಿ. ನೀವು ಇಷ್ಟು ಊರುಗಳ ಹೆಸರು ಹೇಳಿದಿರಿ, ಗದಗ ಬಿಟ್ಟಿರಿ. ಬೇಕಂತಲೇ ಬಿಟ್ಟಿದ್ದೀರಿ ಅನಿಸುತ್ತದೆ.

ಹಳೇ ಕರಡು

ಸಿಕ್ಕಿಬಿದ್ದೆ. ಹೌದು, ಬೇಕಂತಲೇ ಬಿಟ್ಟೆ. ಬೋರ್ಡಿನ ಮೇಲೆ ಗದಗ, ಕೊನೆಗೆ ‘ಅ’. ರೋಣ, ರೋಣಕ್ಕೆ ಅನ್ನುವ ಹಾಗೆ ಗದಗ, ಗದಗಕ್ಕೆ ಆಗಬೇಕು. ಆದರೆ ಪರೀಕ್ಷೆ ಮಾಡಿ ನೋಡಿ. ನೀವು ‘ಗದಗದ’ ಅನ್ನುತ್ತೀರಾ? ನಿಮ್ಮ ಹೆಸರನ್ನೇ ‘ಗದಗಿನವಳು’ ಅಂತ ಇಟ್ಟುಕೊಂಡಿದ್ದೀರಿ. ಇನ ಬಂದರೆ ಇಗೆ, ಗದಗಿಗೆ. ಕುಮಾರವ್ಯಾಸನ ಕಾವ್ಯವನ್ನು ಜನ ‘ಗದುಗಿನ ಭಾರತ’ ಅನ್ನುತ್ತಾರೆ. ಅಂದರೆ ಊರಿನ ಹೆಸರು ಜನರ ಬಾಯಲ್ಲಿ ಗದುಗು. ಗದುಗು, ಗದುಗಿನ, ಗದುಗಿಗೆ, ಎಲ್ಲ ನೇರ. ಬೋರ್ಡು ಗದಗ ಆಯಿತು, ಬಾಲ ಮಾತ್ರ ಹಳೆಯದೇ ಉಳಿಯಿತು.

ಲಗ್ನಪತ್ರಿಕೆ

ಸರ್, ನನ್ನ ಹತ್ತಿರ ಬರುವ ಕಾರ್ಡುಗಳಲ್ಲಿ ಗದಗಕ್ಕೆ, ಗದಗಿಗೆ, ಗದಗ್‌ಗೆ ಮೂರೂ ಇರುತ್ತವೆ. ಪೇಪರಿನಲ್ಲೂ ‘ಗದಗದ’ ಕಂಡಿದ್ದೇನೆ. ಶಿಗ್ಗಾವಿಯದೂ ಇದೇ ಕಥೆ. ಕೆಲವರು ಶಿಗ್ಗಾಂವ ಅಂತ ಬರೆದು ಶಿಗ್ಗಾಂವಕ್ಕೆ ಅನ್ನುತ್ತಾರೆ, ಕೆಲವರು ಶಿಗ್ಗಾವಿ ಅಂತ ಬರೆದು ಶಿಗ್ಗಾವಿಗೆ. ಹೆಸರು ಯಾವುದು ಬರೆದಿದ್ದಾರೋ ಅದರ ಬಾಲ ಹಾಕುತ್ತೇನೆ, ಗಿರಾಕಿ ಜೊತೆ ವಾದ ಮಾಡುವುದಿಲ್ಲ.

ಹಳೇ ಕರಡು

ಶಿಗ್ಗಾವಿಗೆ ನಿಮ್ಮ ದಾರಿ ಸರಿ. ಅಲ್ಲಿ ಹೆಸರೇ ಎರಡು, ಆದ್ದರಿಂದ ಬಾಲವೂ ಎರಡು. ಬೆಳಗಾಂವಕ್ಕೆ, ಬೆಳಗಾವಿಗೆ ಅಂದ ಹಾಗೆ. ಗದಗ ಹಾಗಲ್ಲ. ಹೆಸರು ಒಂದು, ಬಾಲ ಇನ್ನೊಂದರದು. ನಾನು ಡೆಸ್ಕಿನಲ್ಲಿ ಇದ್ದಾಗ ‘ಗದಗಕ್ಕೆ’ ಬಂದರೆ ‘ಗದಗಿಗೆ’ ಮಾಡುತ್ತಿದ್ದೆ. ನನ್ನ ಪಕ್ಕದವರು ‘ಗದಗಿಗೆ’ ಬಂದರೆ ‘ಗದಗಕ್ಕೆ’ ಮಾಡುತ್ತಿದ್ದರು. ಇಬ್ಬರಿಗೂ ಬೇರೆ ಬೇರೆ ಪಾಳಿ, ಪೇಪರು ನಡೆಯಿತು.

ರೋಣದ ಹುಡುಗ

ಗೀತಾ ಉಳಿದರು. ನನ್ನ ಪ್ರಕಾರ ಗೀತಾಗೆ.

ಹಳೇ ಕರಡು

ಗೀತಾಳ ಮನೆ, ಗೀತಾಳಿಗೆ. ಪರೀಕ್ಷೆ ಅದನ್ನೇ ಹೇಳುತ್ತದೆ.

ಗದಗಿನವಳು

ನಾವು ಗೀತಾನ ಮನೆ ಅಂತೀವಿ. ಹಾಗಾದರೆ ಗೀತಾನಿಗೆ ಅನ್ನಬೇಕಾ? ಯಾರೂ ಅನ್ನಲ್ಲ. ಗೀತಾಳಿಗೆ ಅಂದರೆ ಏಕವಚನದಲ್ಲಿ ಕರೆದ ಹಾಗೆ. ಆಕೆ ದುಡ್ಡು ಜಮಾ ಮಾಡುವವರು, ವಯಸ್ಸಿನಲ್ಲಿ ದೊಡ್ಡವರಿದ್ದರೆ ಚೆಂದ ಕಾಣಲ್ಲ.

ಲಗ್ನಪತ್ರಿಕೆ

ಅದಕ್ಕೇ ಹೇಳಿದ್ದು, ಹೆಣ್ಣುಮಕ್ಕಳ ಹೆಸರು ಕೇಳಬೇಡಿ ಅಂತ. ನಾನು ಎಲ್ಲರಿಗೂ ‘ಅವರಿಗೆ’ ಹಾಕಿಬಿಡುತ್ತೇನೆ. “ಗೀತಾ ಅವರಿಗೆ.” ಇದುವರೆಗೆ ಯಾರೂ ಕಾರ್ಡು ವಾಪಸ್ ತಂದಿಲ್ಲ.

ಹಳೇ ಕರಡು

ಸೂಚನೆಗೆ ಅದೇ ಒಳ್ಳೆಯದು. ಕತೆಯಲ್ಲಿ ಬಂದರೆ ನಾನು ಗೀತಾಳಿಗೆ ಅಂತಲೇ ಬರೆಯುತ್ತೇನೆ. ‘ಗೀತಾಗೆ’ ಈಗ ಎಲ್ಲ ಕಡೆ ನಡೆಯುತ್ತಿದೆ, ತಪ್ಪು ಅಂತ ಹೇಳುವ ಧೈರ್ಯ ನನಗಿಲ್ಲ. ‘ಸಿನಿಮಾ’ದ್ದೂ ಇದೇ ಪಾಡು. ಸಿನಿಮಾದ ಹಾಡು ಅನ್ನುತ್ತೇವೆ, ಪರೀಕ್ಷೆಯ ಪ್ರಕಾರ ಸಿನಿಮಾಕ್ಕೆ. ಆದರೆ “ಸಿನಿಮಾಗೆ ಹೋಗೋಣ” ಅನ್ನುವವರೇ ಜಾಸ್ತಿ. ಉದ್ದ ‘ಆ’ ಕೊನೆಗೆ ಬಂದ ಪದ ಕಂಡರೆ ಈ ಪರೀಕ್ಷೆಯನ್ನು ಅಷ್ಟು ನಂಬಬೇಡಿ.

ಕೇಶ್ವಾಪುರದವ

ಹೀಗೆ ಹಾಕಿದ್ದೇನೆ, ನೋಡಿ:

“ಬೆಳಿಗ್ಗೆ ಏಳು ಗಂಟೆಗೆ ಬಸ್ ಹೊರಡುತ್ತದೆ. ಮೊದಲು ಅಣ್ಣಿಗೇರಿಗೆ, ಆಮೇಲೆ ಗದಗಿಗೆ, ಅಲ್ಲಿಂದ ಲಕ್ಕುಂಡಿಗೆ. ಬರುವಾಗ ಲಕ್ಷ್ಮೇಶ್ವರಕ್ಕೆ ಹೋಗಿ ಸೋಮೇಶ್ವರನಿಗೆ ಪೂಜೆ ಮಾಡಿಸುವುದು. ಐದು ವರ್ಷದ ಒಳಗಿನ ಮಗುವಿಗೆ ದುಡ್ಡು ಇಲ್ಲ. ಉಳಿದವರು ಸಂಘಕ್ಕೆ ಮುಂಗಡ ಕಟ್ಟಬೇಕು. ಹೆಸರನ್ನು ವಾಚ್‌ಮನ್ ಅಣ್ಣನಿಗೆ ಅಥವಾ ಗೀತಾ ಅವರಿಗೆ ಕೊಡಿ.”

ಗದಗಿನವಳು ಅಕ್ಕ, ನಿಮ್ಮ ಊರಿಗೆ ಗದಗಿಗೆ ಹಾಕಿದ್ದೇನೆ. ಅಣ್ಣನಿಗೆ ಮಾತ್ರ ಕರಡು ಅಂಕಲ್ ಕಡೆ ನಿಂತೆ.

ಗದಗಿನವಳು

ಗದಗಿಗೆ ಸರಿ. ಅಣ್ಣಗೆ ನಾನು ಬಿಡುವುದಿಲ್ಲ.

ಬ್ಯಾಡಗಿ ಮೆಣಸು

ನಮ್ಮದು ನಾಲ್ಕು ಸೀಟು ಹಿಡಿಯಿರಿ ಅಣ್ಣ. ದೊಡ್ಡವರು ಮೂವರು, ಒಂದು ಮಗು.